ಮರೆತ ಗುಳಿಗೆಯನ್ನು ರಾತ್ರಿ ಕೊಡಬಹುದೇ?

*ಮಾನ್ಯ ಸಂಪಾದಕರೇ, ಶಿರಸಿಯಲ್ಲಿ ಉಪನಯನಕ್ಕೆ ಹೋಗಿದ್ದ ನಮ್ಮ ಆಯಿ ಗುಳಿಗೆಯ ಡಬ್ಬಿಯನ್ನು ಕುಮಟೆಯ ಮನೆಯಲ್ಲೇ ಬಿಟ್ಟಿದ್ದಳು. ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಬಂದಾಗ ಬೆಳಗಿನ ಸಕ್ಕರೆ, ಬಿಪಿ, ಥೈರಾಯ್ಡ್ ಗುಳಿಗೆಗಳು, ಸಂಜೆ ಆರರ ವಾರ್ಫರಿನ್ ಎಲ್ಲವೂ ಹಾಗೇ ಇದ್ದವು. ಅವಳಿಗೆ ಹೃದಯದ ಕವಾಟದ ಆಪರೇಶನ್ ಆಗಿದೆ. ಇಂಥ ಹೊತ್ತಿನಲ್ಲಿ ಎಲ್ಲವನ್ನೂ ಒಟ್ಟಿಗೆ ಕೊಡಬೇಕೇ, ಬಿಡಬೇಕೇ? — ಓದುಗರು, ಕುಮಟಾ*

ಒಟ್ಟಿಗೆ ಕೊಡಬಾರದು, ಎಲ್ಲವನ್ನೂ ಬಿಡಲೂ ಬಾರದು. ಆ ರಾತ್ರಿ ನಿಮ್ಮ ತಾಯಿಯವರಿಗೆ ಕೊಡಬೇಕಾಗಿದ್ದುದು ವಾರ್ಫರಿನ್ ಒಂದನ್ನೇ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಈ ಗುಳಿಗೆಯನ್ನು ಅದೇ ದಿನ, ಎಂದರೆ ಮಧ್ಯರಾತ್ರಿಯೊಳಗೆ ನೆನಪಾದರೆ ತೆಗೆದುಕೊಳ್ಳಬಹುದು. ಮರುದಿನ ಬೆಳಿಗ್ಗೆ ನೆನಪಾದರೆ ತಪ್ಪಿದ್ದನ್ನು ಬಿಟ್ಟು, ಸಂಜೆಯದನ್ನು ಎಂದಿನಷ್ಟೇ ಕೊಟ್ಟು, ತಪ್ಪಿದ ದಿನಾಂಕವನ್ನು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಐಎನ್‌ಆರ್ ಪರೀಕ್ಷೆಯ ಅಂಕಿ ಬರೆದಿಡುವ ಪುಸ್ತಕದಲ್ಲಿ ಗುರುತು ಹಾಕಬೇಕು. ವಾರ್ಫರಿನ್‌ನ ಪರಿಣಾಮ ಪೂರ್ತಿ ಕಾಣಲು ಎರಡು ಮೂರು ದಿನ ಬೇಕಾಗುವುದರಿಂದ, ಇಂದು ಎರಡು ಗುಳಿಗೆ ನುಂಗಿದ ತಪ್ಪು ವಸಡಿನ ರಕ್ತವಾಗಿಯೋ ಕಪ್ಪು ಮಲವಾಗಿಯೋ ತಡವಾಗಿ ಹೊರಬೀಳುತ್ತದೆ. ಗುರುತು ಇಲ್ಲದಿದ್ದರೆ, ಮುಂದಿನ ಪರೀಕ್ಷೆಯಲ್ಲಿ ಐಎನ್‌ಆರ್ ಕಡಿಮೆ ಬಂದಾಗ ವೈದ್ಯರು ಕಾರಣ ತಿಳಿಯದೆ ಪ್ರಮಾಣವನ್ನು ಹೆಚ್ಚಿಸುವ ಸಂಭವವಿದೆ.

ನಾನು ಹೆಚ್ಚು ಹೆದರುವುದು ಸಕ್ಕರೆಯ ಗುಳಿಗೆಗೆ. ನಿಮ್ಮ ತಾಯಿಯವರ ಸ್ಟ್ರಿಪ್‌ನ ಹಿಂಬದಿಯನ್ನು ಬೆಳಕಿಗೆ ಹಿಡಿದು ಓದಿ. ಸಣ್ಣ ಅಕ್ಷರದಲ್ಲಿ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎಂಬ ಎರಡು ಹೆಸರುಗಳು ಜೊತೆಯಾಗಿ ಇರುವುದು ಸಾಮಾನ್ಯ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ಹೊಟ್ಟೆಗೆ ಅನ್ನ ಬಿತ್ತೋ ಇಲ್ಲವೋ ಎಂದು ನೋಡುವುದಿಲ್ಲ. ಬೆಳಗಿನ ತಿಂಡಿಯ ಜೊತೆ ಸಲ್ಲಬೇಕಾದ ಗುಳಿಗೆಯನ್ನು ರಾತ್ರಿ ಊಟವಾದ ಮೇಲೆ ಕೊಟ್ಟರೆ ಸಕ್ಕರೆ ಇಳಿಯುವುದು ನಿದ್ದೆಯಲ್ಲಿ. ಬೆಳಿಗ್ಗೆ ಎಂಟಕ್ಕೆ ಮತ್ತೊಂದು ಕೊಟ್ಟಾಗ ಹನ್ನೊಂದೇ ತಾಸಿನಲ್ಲಿ ಎರಡು ದಿನದ ಔಷಧ ಒಳಗೆ ಹೋಗಿರುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಮೂತ್ರಪಿಂಡ ದುರ್ಬಲವಾಗಿದ್ದರೆ, ಈ ಪರಿಣಾಮ ಬೇಗ ಇಳಿಯುವುದಿಲ್ಲ. ಒಂದು ರಾತ್ರಿ ಸಕ್ಕರೆ ತುಸು ಏರಿದ್ದರೆ ಆಗುವ ಹಾನಿ ಇದರ ಮುಂದೆ ಬಹಳ ಸಣ್ಣದು. ಆದ್ದರಿಂದ ಅದನ್ನು ಬಿಟ್ಟು, ಮರುದಿನ ತಿಂಡಿಯ ಜೊತೆ ಎಂದಿನಂತೆ ಕೊಡುವುದು ಸರಿ.

ಯಾರೋ ತಿಳಿಯದೆ ಕೊಟ್ಟುಬಿಟ್ಟಿದ್ದರೆ ತಣ್ಣನೆಯ ಬೆವರು, ಕೈ ನಡುಕ, ತೊದಲು ಅಥವಾ ಸಂಬಂಧವಿಲ್ಲದ ಮಾತು ಬರುತ್ತದೆಯೇ ಎಂದು ನೋಡುತ್ತಿರಬೇಕು. ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಸಕ್ಕರೆ ಏರಿತೆಂದು ಮಲಗಿಬಿಡಬೇಡಿ, ಗುಳಿಗೆಯ ಕೆಲಸ ಮುಗಿದಿರುವುದಿಲ್ಲವಾದ್ದರಿಂದ ಅದು ಪುನಃ ಇಳಿಯಬಹುದು. ಆ ರಾತ್ರಿಯೇ ಆಸ್ಪತ್ರೆಗೆ ತೋರಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಥೈರಾಯ್ಡ್ ಗುಳಿಗೆಯ ಅಂಶ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು, ಒಂದು ದಿನ ತಪ್ಪಿದ್ದರಿಂದ ಏನೂ ಆಗುವುದಿಲ್ಲ. ಬಿಪಿಗೆ ಕೊಡುವುದು ಅಮ್ಲೋಡಿಪಿನ್ ಆಗಿದ್ದರೆ ಹನ್ನೆರಡು ತಾಸಿನೊಳಗೆ ನೆನಪಾದರೆ ಕೊಡಬಹುದಿತ್ತು. ನಿಮಗೆ ಹದಿಮೂರು ತಾಸು ಆಗಿತ್ತು, ಬಿಡುವುದೇ ಸರಿ. ಎಲ್ಲ ಬಿಪಿ ಗುಳಿಗೆಗೂ ಈ ಲೆಕ್ಕ ಹೊಂದುವುದಿಲ್ಲ. ಕ್ಲೊನಿಡಿನ್‌ನಂಥದ್ದು ತಪ್ಪಿದರೆ ಒತ್ತಡ ಒಮ್ಮೆಲೇ ಮೇಲೇರಬಹುದಾದ್ದರಿಂದ ಹೆಸರು ಓದಿ ಹೇಳಿ ಕೇಳುವುದು ಅಗತ್ಯ.

ಫಾರ್ಮಸಿಸ್ಟ್‌ಗೆ ಫೋನ್ ಮಾಡಲು ಇಂಥ ಸಂಶಯವೇ ಸಾಕಾದ ಕಾರಣ. ಫಿಟ್ಸ್ ಗುಳಿಗೆ, ದಿನಕ್ಕೊಮ್ಮೆ ಚುಚ್ಚುವ ಇನ್ಸುಲಿನ್, ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ಕೊಡುವ ಮೆಥೋಟ್ರೆಕ್ಸೇಟ್ ತಪ್ಪಿದಾಗ ಮನೆಯಲ್ಲಿ ಲೆಕ್ಕ ಹಾಕದೆ ಕೇಳಲೇಬೇಕು. ಕರೆ ಮಾಡುವಾಗ ಸ್ಟ್ರಿಪ್ ಕೈಯಲ್ಲಿರಲಿ: ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಕೊನೆಯ ಬಾರಿ ನುಂಗಿದ ಹೊತ್ತು, ಮುಂದಿನದರ ಹೊತ್ತು, ಜೊತೆಗಿರುವ ಬೇರೆ ಔಷಧಗಳು, ಮೂತ್ರಪಿಂಡದ ತೊಂದರೆ ಇದೆಯೇ ಎಂಬುದು, ಇಷ್ಟನ್ನು ಹೇಳಿದರೆ ಅವರು ನಿಖರವಾಗಿ ಉತ್ತರಿಸಬಲ್ಲರು. ಕೌಂಟರಿನಲ್ಲಿ ಫೋನ್ ಎತ್ತಿದವರು ಫಾರ್ಮಸಿಸ್ಟ್ ಆಗಿರದಿರಬಹುದು. ಅವರನ್ನೇ ಕೊಡಿ ಎಂದು ಕೇಳಲು ಸಂಕೋಚ ಬೇಡ. ದೇವಿಮನೆ ಘಟ್ಟ ಇಳಿಯುವಾಗ ಮೊಬೈಲ್ ಸಿಗುತ್ತದೆಂದು ನಂಬದೆ, ಡಬ್ಬಿ ಮರೆತದ್ದು ಗೊತ್ತಾದ ಕೂಡಲೇ ಶಿರಸಿಯಿಂದಲೇ ಕೇಳುವುದು ಒಳ್ಳೆಯದು. ಚೀಟಿಯ ಫೋಟೋ ಫೋನಿನಲ್ಲಿದ್ದರೆ ಒಂದು ದಿನದ ಗುಳಿಗೆಯನ್ನು ಅಲ್ಲಿನ ಅಂಗಡಿಯಲ್ಲಿ ಕೇಳಿ ನೋಡಬಹುದು.

ವಾರ್ಫರಿನ್ ಎರಡು ದಿನ ತಪ್ಪಿದ್ದರೆ ಅಥವಾ ಎರಡು ಪಾಲು ಹೊಟ್ಟೆ ಸೇರಿದ್ದರೆ, ಅದು ಅಂಗಡಿಯವರು ತೀರ್ಮಾನಿಸುವ ವಿಷಯವಲ್ಲ. ಕವಾಟದ ಆಪರೇಶನ್ ಆದ ನಿಮ್ಮ ತಾಯಿಯವರ ವಿಷಯದಲ್ಲಿ ಅದೇ ದಿನ ವೈದ್ಯರನ್ನು ಸಂಪರ್ಕಿಸಿ. ಮಾತು ತೊದಲಿದರೆ, ಒಂದು ಕೈ ಸೋತರೆ ಅಥವಾ ರಕ್ತ ನಿಲ್ಲದಿದ್ದರೆ ಫೋನಿನಲ್ಲಿ ಹೊತ್ತು ಕಳೆಯದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

— ಸಂಪಾದಕ