ವೀಣೆಯ ಸಾಧನೆ ನಿಂತಲ್ಲೇ ನಿಂತಾಗ

ಪ್ರಶ್ನೆ: ಮೈಸೂರಿನಲ್ಲಿ ವೀಣೆ ಕಲಿಯುತ್ತಿದ್ದೇನೆ. ದಿನವೂ ಸಾಧನೆ ಮಾಡಿದರೂ ವರ್ಣದ ಎರಡನೆಯ ಕಾಲ, ಅಂದರೆ ದುಪ್ಪಟ್ಟು ವೇಗದ ನುಡಿಸುವಿಕೆ, ಸುಧಾರಿಸುತ್ತಿಲ್ಲ, ಏಕೆ?

ಬರುವುದನ್ನೇ ಬರುವ ವೇಗದಲ್ಲಿ ನುಡಿಸುತ್ತಿರುವುದೇ ಕಾರಣ. ಕೈಚಲನೆ ರೂಢಿಯಾದೊಡನೆ ಮನಸ್ಸು ಅದರ ಮೇಲಿನ ಗಮನವನ್ನು ಸಡಿಲಿಸುತ್ತದೆ. ಆಗ ಅದರೊಳಗಿನ ಸಣ್ಣ ತಡವರಿಕೆಯೂ ರೂಢಿಯಾಗಿಬಿಡುತ್ತದೆ, ಇಡೀ ವರ್ಣವನ್ನು ಮತ್ತೆ ಮತ್ತೆ ನುಡಿಸಿದಷ್ಟೂ ಅದು ಗಟ್ಟಿಯಾಗುತ್ತದೆ.

ಸಲೀಸಾದ ವೇಗಕ್ಕಿಂತ ಶೇಕಡಾ 10ರಷ್ಟು ಹೆಚ್ಚಿಸಿ ಒಮ್ಮೆ ನುಡಿಸಿ, ಮೊಬೈಲಿನಲ್ಲಿ ಮುದ್ರಿಸಿಕೊಂಡು ಕೇಳಿ. ಮೊದಲು ಕುಸಿಯುವ ಜಾಗಗಳು ಸಾಮಾನ್ಯವಾಗಿ ಒಂದೆರಡೇ ಇರುತ್ತವೆ: ಎಡಗೈ ದೂರದ ಮೆಟ್ಟಿಲಿಗೆ ಹೋಗುವಷ್ಟರಲ್ಲಿ ಬಲಗೈ ಮೀಟು ಮುಂಚೆಯೇ ಬಿದ್ದು ಸ್ವರ ಮಂಕಾಗಿ ಕೇಳಿಸುತ್ತದೆ. ಆ ಜಾಗದ ನಾಲ್ಕು ಸ್ವರಗಳನ್ನಷ್ಟೇ ಅರ್ಧ ವೇಗದಲ್ಲಿ, ಮೀಟೂ ಬೆರಳೂ ಒಟ್ಟಿಗೆ ಬೀಳುವವರೆಗೆ ನುಡಿಸಿ, ಬಳಿಕ ಹಿಂದುಮುಂದಿನ ಸ್ವರಗಳನ್ನು ಸೇರಿಸುತ್ತ ವೇಗವನ್ನು ಏರಿಸಿ. ಮಣಿಕಟ್ಟು ಬಿಗಿದು ನೋವು ಕಾಣಿಸಿಕೊಂಡರೆ ಅದು ಸಾಧನೆಯ ಕೊರತೆಯಲ್ಲ, ಕೈ ಇಡುವ ಕ್ರಮದ ದೋಷವಿರಬಹುದು. ಅದನ್ನು ಗುರುಗಳೇ ನೋಡಿ ತಿದ್ದಬೇಕು.