ಹಳೆ ಅಕ್ಕಿ ಅಂದ್ರೆ ಎಷ್ಟು ಹಳೆಯದು?

“ಶಹಾಪುರದ ಸೋನಾ ಮಸೂರಿ ‘ಹಳೆ ಅಕ್ಕಿ, ಅತ್ಯುತ್ತಮ’ ಅಂತ ಬರೆದು ಮಾರಾಟಕ್ಕೆ ಹಾಕಿದ್ದೆ. ಅನ್ನ ಮುದ್ದೆ ಆಯ್ತು ಅಂತ ವಾಪಸ್ ಬರ್ತದ. ಹೆಂಗ ಬರೀಲಿ?”

‘ಹಳೆ’ ಅನ್ನೋ ಪದದಿಂದಲೇ ಆಗಿರಬೇಕು. ಆರು ತಿಂಗಳ ಅಕ್ಕಿಗೆ ವರ್ಷದ ಅಕ್ಕಿಯಷ್ಟು ನೀರಿಟ್ಟರೆ ಮುದ್ದೆಯೇ. ಮೊದಲು ಭತ್ತ ಕೊಯ್ದ ತಿಂಗಳು, ಮಿಲ್ ಮಾಡಿಸಿದ ತಿಂಗಳು ಎರಡೂ ಹಾಕ್ರಿ. ಆಮೇಲೆ 100 ಗ್ರಾಂ ತಟ್ಟೆಗೆ ಸುರಿದು ನುಚ್ಚು ಆರಿಸಿ ತೂಗ್ರಿ. ‘ಎ ಗ್ರೇಡ್’ ಬದಲು ಆ ತೂಕ ಬರೀರಿ. ಕೊನೆಗೆ ಅದೇ ಮೂಟೆಯ ಅಕ್ಕಿ ಕುಕ್ಕರಿಗಿಟ್ಟು ಅನ್ನ ತೂಗ್ರಿ. ನಾನು ಹಾಕೋದು:

“ಸೋನಾ ಮಸೂರಿ, ಕೊಯ್ಲು ಡಿಸೆಂಬರ್, ಮಿಲ್ ಮರುವರ್ಷ ನವೆಂಬರ್. 100 ಗ್ರಾಂಗೆ ನುಚ್ಚು 5 ಗ್ರಾಂ. 200 ಗ್ರಾಂ ಅಕ್ಕಿ, 500 ಮಿಲಿ ನೀರು: ಸುಮಾರು 600 ಗ್ರಾಂ ಅನ್ನ.”

‘ಸುಮಾರು’ ಬಿಡಬ್ಯಾಡ್ರಿ, ಕುಕ್ಕರ್ ಬದಲಾದ್ರೆ ತೂಕಾನೂ ಬದಲಾಗ್ತದ.