ಫೈರ್ ಪಾಲಿಸಿ ಸಾಮಾನಿಗೆ, ಗ್ರಾಹಕರಿಗೆ ಬೇರೆಯದೇ ಬೇಕು

ಪ್ರಶ್ನೆ: ರಸ್ತೆ ಪಕ್ಕ ಸಣ್ಣ ಹೋಟೆಲ್ ಶುರು ಮಾಡಿದ್ದೇನೆ, ಜಾಗ ಬಾಡಿಗೆಯದು. ಸಿಲಿಂಡರ್ ಅಪಘಾತ, ಗ್ರಾಹಕರಿಗೆ ಗಾಯ ಎರಡೂ ಕವರ್ ಆಗುವ, ಪ್ರೀಮಿಯಂ ಕಡಿಮೆ ಇರುವ ಫೈರ್ ಪಾಲಿಸಿ ಯಾವ ಕಂಪನಿಯದು ಒಳ್ಳೆಯದು?

ಯಾವ ಕಂಪನಿಯದೂ ಅಲ್ಲ. ಫೈರ್ ಪಾಲಿಸಿ ಗಾಯಗೊಂಡ ಗ್ರಾಹಕರಿಗೆ ಹಣ ಕೊಡುವುದಿಲ್ಲ. ಕೊಡುತ್ತದೆ ಅಂತ ನಂಬಿಕೊಂಡು ನಾನು ಹೋಟೆಲ್ ನಡೆಸಿದ್ದೆ. ಬೆಂಕಿ ಬಿದ್ದ ಮೇಲೆ ಸತ್ಯ ಗೊತ್ತಾಯಿತು.

ಮಧ್ಯಾಹ್ನದ ಊಟದ ಹೊತ್ತು. 19 ಕೆ.ಜಿ. ಸಿಲಿಂಡರ್ ಖಾಲಿಯಾಗಿತ್ತು, ಅಡುಗೆ ಸಹಾಯಕ ಬದಲಾಯಿಸುತ್ತಿದ್ದ. ಗಿರಾಕಿಗಳು ಕಾಯುತ್ತಿದ್ದಾರೆ ಅಂತ ಪಕ್ಕದ ಒಲೆ ಆರಿಸಿರಲಿಲ್ಲ. ಟ್ಯೂಬ್ ಸರಿಯಾಗಿ ಕೂತಿರಲಿಲ್ಲ, ವಾಲ್ವ್ ತೆರೆದ ತಕ್ಷಣ ಗ್ಯಾಸ್ ಸೋರಿತು. ಎಲ್‌ಪಿಜಿ ಗಾಳಿಗಿಂತ ಭಾರ. ಅದು ಮೇಲೇಳದೆ ನೆಲದ ಮೇಲೆ ಹರಡುತ್ತದೆ. ಅವನಿಗೆ ವಾಸನೆ ಬಡಿಯುವಷ್ಟರಲ್ಲಿ ಉರಿಯುವ ಒಲೆಯ ಬುಡಕ್ಕೆ ಮುಟ್ಟಿತ್ತು. ಭಗ್ ಅಂತ ಹೊತ್ತಿಕೊಂಡಿತು. ಊರವರೆಲ್ಲ 'ಸಿಲಿಂಡರ್ ಬ್ಲಾಸ್ಟ್' ಅಂದರು, ಆದರೆ ಸಿಲಿಂಡರ್ ಸಿಡಿದಿರಲೇ ಇಲ್ಲ. ಹೊತ್ತಿದ್ದು ಹೊರಗೆ ಸೋರಿದ ಗ್ಯಾಸ್. ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಇದ್ದದ್ದು ಪ್ಲೈವುಡ್ ತಡೆ. ಅದರ ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದ ಒಬ್ಬ ಚಾಲಕರಿಗೆ ಕೈ, ಬೆನ್ನು ಸುಟ್ಟವು. ಓಡುವಾಗ ಬಿದ್ದು ಇನ್ನೊಬ್ಬರ ಮಣಿಕಟ್ಟು ಮುರಿಯಿತು. ಸಹಾಯಕನ ಕೈಗೂ ಸುಟ್ಟ ಗಾಯ.

ನನ್ನ ಹತ್ತಿರ ಪಾಲಿಸಿ ಇತ್ತು. ಸಾಲ ಕೊಡುವಾಗ ಬ್ಯಾಂಕಿನವರೇ ಮಾಡಿಸಿದ್ದು. ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅನ್ನುವ ಹೆಸರಿನ ಪಾಲಿಸಿ. ಒಂದು ಜಾಗದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿ ಇರುವ ಸಣ್ಣ ಉದ್ಯಮಗಳಿಗೆ ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ 2021ರ ಏಪ್ರಿಲ್‌ನಿಂದ ಜಾರಿಗೆ ತಂದದ್ದು. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಮೂಲ ಕವರ್ ಒಂದೇ ಥರ ಇರುತ್ತದೆ. ಹಾಗಾಗಿ 'ಯಾವ ಕಂಪನಿ' ಅನ್ನುವ ಪ್ರಶ್ನೆಗೆ ನೀವು ಕೊಡುತ್ತಿರುವಷ್ಟು ತೂಕ ನಾನು ಕೊಡುವುದಿಲ್ಲ.

ಈಗ ನನಗೆ ದುಡ್ಡು ಕಳೆದ ತಪ್ಪು ಯಾವುದು ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಆದರೆ ನೀವು ಅದೇ ತಪ್ಪಿನ ಬಾಗಿಲಲ್ಲಿ ನಿಂತಿದ್ದೀರಿ. ಪಾಲಿಸಿಯ ಮೊದಲ ಪುಟಗಳಲ್ಲಿ ಯಾವ ಯಾವ ಕಾರಣದ ನಷ್ಟಕ್ಕೆ ಕವರ್ ಇದೆ ಅಂತ ಪಟ್ಟಿ ಇರುತ್ತದೆ. ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಪ್ರವಾಹ ಹೀಗೆ. ನಾನು 'ಸ್ಫೋಟ' ಅನ್ನುವುದನ್ನು ನೋಡಿ ಸಮಾಧಾನ ಪಟ್ಟೆ. ಸ್ಫೋಟಕ್ಕೆ ಕವರ್ ಇದೆ ಅಂದರೆ ಸ್ಫೋಟದಿಂದ ಆಗುವ ಎಲ್ಲದಕ್ಕೂ ಇದೆ ಅಂತ ಲೆಕ್ಕ ಹಾಕಿಬಿಟ್ಟೆ. ಆ ಪಟ್ಟಿ ಹೇಳುವುದು ಕಾರಣವನ್ನು ಮಾತ್ರ. ಯಾವುದಕ್ಕೆ ಆದ ನಷ್ಟ ಅನ್ನುವುದು ಬೇರೆ ಹಾಳೆಯಲ್ಲಿರುತ್ತದೆ, ಅದಕ್ಕೆ ಶೆಡ್ಯೂಲ್ ಅನ್ನುತ್ತಾರೆ. ನನ್ನ ಶೆಡ್ಯೂಲ್‌ನಲ್ಲಿ ಮೂರೇ ಸಾಲು: ಫರ್ನಿಚರ್, ಯಂತ್ರೋಪಕರಣ, ದಾಸ್ತಾನು. ಮನುಷ್ಯರ ಸಾಲೇ ಇಲ್ಲ. ಆ ಹಾಳೆಯನ್ನು ನಾನು ತಿರುಗಿಸಿ ನೋಡಿರಲಿಲ್ಲ. ಆಮೇಲೆ ವಿಮಾ ಕಚೇರಿಯವರು ಅದೇ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದರು. ಅವರು ಮೋಸ ಮಾಡಿರಲಿಲ್ಲ. ನಾನು ಕೊಂಡದ್ದು ನನ್ನ ಸಾಮಾನಿನ ವಿಮೆ, ಅಷ್ಟೇ.

ಹೋಗಲಿ, ಸಾಮಾನಿಗಾದರೂ ಪೂರ್ತಿ ಬಂತಾ? ಅದೂ ಇಲ್ಲ. ಸಾಲದ ಮೊತ್ತ 6 ಲಕ್ಷ, ಹಾಗಾಗಿ ವಿಮಾ ಮೊತ್ತವನ್ನೂ 6 ಲಕ್ಷ ಅಂತ ಹಾಕಿದ್ದರು. ವಿಮಾ ಕಂಪನಿ ಕಳಿಸಿದ, ನಷ್ಟ ಅಳೆಯುವ ಸರ್ವೇಯರ್ ಬಂದು ಲೆಕ್ಕ ಹಾಕಿದಾಗ ಒಲೆ, ಫ್ರಿಜ್, ಗ್ರೈಂಡರ್, ಟೇಬಲ್, ದಾಸ್ತಾನು ಎಲ್ಲ ಸೇರಿ ಬೆಲೆ 9 ಲಕ್ಷ ಆಯಿತು. ಈ ಪಾಲಿಸಿಯಲ್ಲಿ ಉಪಕರಣಗಳಿಗೆ ಹಳೆಯದರ ಬೆಲೆ ಅಲ್ಲ, ಅಂಥದ್ದೇ ಹೊಸದು ತರಲು ಆಗುವ ಬೆಲೆಯನ್ನು ಹಿಡಿಯುತ್ತಾರೆ. ವಿಮಾ ಮೊತ್ತ ಶೇಕಡಾ 15ರವರೆಗೆ ಕಮ್ಮಿ ಇದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂದರೆ ನಾನು 7.65 ಲಕ್ಷಕ್ಕೆ ಮಾಡಿಸಿದ್ದರೂ ಕಡಿತ ಇರುತ್ತಿರಲಿಲ್ಲ. 6 ಲಕ್ಷ ಇದ್ದದ್ದರಿಂದ 9ಕ್ಕೆ 6ರ ಪ್ರಮಾಣ ಹಿಡಿದರು. ಸುಟ್ಟದ್ದು 3 ಲಕ್ಷದ ಸಾಮಾನು, ಲೆಕ್ಕಕ್ಕೆ ಬಂದದ್ದು 2 ಲಕ್ಷ. ಅದರಲ್ಲೂ ನಾವೇ ಹೊರಬೇಕಾದ ಕಡ್ಡಾಯ ಪಾಲನ್ನು ಕಳೆದರು. ಮುಚ್ಚಿದ್ದ ದಿನಗಳ ವ್ಯಾಪಾರ ನಷ್ಟಕ್ಕೆ ಏನೂ ಇಲ್ಲ, ಅದು ಈ ಪಾಲಿಸಿಯ ಹೊರಗೆ. ವಿಮಾ ಮೊತ್ತ ಅನ್ನುವುದು ಸಾಲದ ಲೆಕ್ಕ ಅಲ್ಲ. ಇವತ್ತು ಅಂಗಡಿಗೆ ಹೋಗಿ ಎಲ್ಲ ಹೊಸದಾಗಿ ತಂದರೆ ಎಷ್ಟಾಗುತ್ತದೋ ಅಷ್ಟು.

ಈಗ ಗಾಯಗೊಂಡವರ ವಿಷಯ. ಚಾಲಕರ ಆಸ್ಪತ್ರೆ ಬಿಲ್ 3.8 ಲಕ್ಷ ಆಯಿತು. ಅದರಲ್ಲಿ ಒಂದು ಭಾಗವನ್ನು ಕೊಟ್ಟದ್ದು ನಾನು ಕೊಂಡ ಪಾಲಿಸಿ ಅಲ್ಲ, ತೈಲ ಕಂಪನಿಗಳು ಗ್ಯಾಸ್ ಗ್ರಾಹಕರ ಪರವಾಗಿ ಮಾಡಿಸಿಟ್ಟಿರುವ ಸಾರ್ವಜನಿಕ ಹೊಣೆಗಾರಿಕೆ ವಿಮೆ, ಅಂದರೆ ಹೊರಗಿನವರಿಗೆ ಆದ ಹಾನಿಗೆ ಹಣ ಕೊಡುವ ವಿಮೆ. ಇದಕ್ಕೆ ನಾವು ಬೇರೆ ಪ್ರೀಮಿಯಂ ಕಟ್ಟಬೇಕಿಲ್ಲ. ಬೆಂಕಿಗೆ ಮೂಲ ಕಾರಣ ಎಲ್‌ಪಿಜಿ ಆಗಿದ್ದರೆ ಸಾವಿಗೆ ತಲಾ 6 ಲಕ್ಷ, ಚಿಕಿತ್ಸೆಗೆ ಒಬ್ಬರಿಗೆ ಹೆಚ್ಚೆಂದರೆ 2 ಲಕ್ಷ, ಒಂದು ಅಪಘಾತದಲ್ಲಿ ಎಲ್ಲರ ಚಿಕಿತ್ಸೆಗೂ ಸೇರಿ ಒಟ್ಟು 30 ಲಕ್ಷದ ಮಿತಿ, ನೋಂದಾಯಿತ ವಿಳಾಸದ ಆಸ್ತಿ ಹಾನಿಗೆ 2 ಲಕ್ಷದವರೆಗೆ. ಕನೆಕ್ಷನ್ ನನ್ನ ಹೆಸರಿನಲ್ಲೇ, ಅದೇ ಜಾಗದ ವಿಳಾಸದಲ್ಲೇ ಇತ್ತು. ಗ್ಯಾಸ್ ಏಜೆನ್ಸಿಗೆ ಅವತ್ತೇ ಬರಹದಲ್ಲಿ ತಿಳಿಸಿದೆ, ಅವರ ಕಡೆಯವರು ಬಂದು ಪರಿಶೀಲಿಸಿದರು. ಚಾಲಕರಿಗೆ 2 ಲಕ್ಷ ಬಂತು, ಆದರೆ ತಿಂಗಳುಗಟ್ಟಲೆ ಕಾದ ಮೇಲೆ. ಉಳಿದ 1.8 ಲಕ್ಷ ನನ್ನ ಕೈಯಿಂದ. ಅದಾದ ಮೇಲೆ ಅವರು ದುಡಿಯಲಾಗದ ದಿನಗಳ ಪರಿಹಾರ ಕೇಳಿ ವಕೀಲರ ನೋಟಿಸ್ ಕಳಿಸಿದರು. ಅವರು ಕೇಳಿದ್ದು ನ್ಯಾಯವೇ. ಕೊಡಲು ನಾನು ಹೆಂಡತಿಯ ಒಡವೆ ಅಡವಿಟ್ಟೆ.

ನಿಮ್ಮದು ಬಾಡಿಗೆ ಜಾಗ ಅಂದಿರಿ. ಹಿಂದಿನವರು ಬಿಟ್ಟುಹೋದ ಗ್ಯಾಸ್ ಕನೆಕ್ಷನ್ನಿನಲ್ಲೇ ನಡೆಸುತ್ತಿದ್ದರೆ ಮೊದಲು ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮನೆಯ 14.2 ಕೆ.ಜಿ. ಸಿಲಿಂಡರ್ ಹೋಟೆಲಿನಲ್ಲಿ ಇಡಲೇಬೇಡಿ. ಅದು ಕಾನೂನುಬಾಹಿರ. ಸರ್ವೇಯರ್ ವರದಿಯಲ್ಲಿ ಅದೊಂದು ಸಾಲು ಬಿದ್ದರೆ ಎರಡೂ ವಿಮೆಗಳ ಕಡೆಯಿಂದ ತಕರಾರು ಏಳುತ್ತದೆ. ಪರವಾನಗಿ ಇಲ್ಲದೆ 100 ಕೆ.ಜಿ.ಗಿಂತ ಹೆಚ್ಚು ಎಲ್‌ಪಿಜಿ ಇಡುವಂತಿಲ್ಲ. 19 ಕೆ.ಜಿ.ಯವು ಐದು ಆದರೆ 95. ಆರನೆಯದು ತಂದರೆ ಮಿತಿ ದಾಟಿತು.

ಹಾಗಾದರೆ ಏನು ತಗೋಬೇಕು? ನಾನು ಈಗ ಇಟ್ಟುಕೊಂಡಿರುವುದು ಅಂಗಡಿದಾರರ ಪ್ಯಾಕೇಜ್ ಪಾಲಿಸಿ. ಅದರಲ್ಲಿ ಬೆಂಕಿ, ಕಳ್ಳತನ, ನಗದು, ಸಾರ್ವಜನಿಕ ಹೊಣೆಗಾರಿಕೆ, ನೌಕರರ ಪರಿಹಾರ ಅಂತ ವಿಭಾಗಗಳಿರುತ್ತವೆ. ನಾವು ಯಾವ ವಿಭಾಗಕ್ಕೆ ದುಡ್ಡು ಕಟ್ಟಿದೆವೋ ಅದಕ್ಕೆ ಮಾತ್ರ ಕವರ್. ಏಜೆಂಟ್ 'ಎಲ್ಲ ಸೇರಿದೆ ಸರ್' ಅಂದರೆ ಶೆಡ್ಯೂಲ್‌ನಲ್ಲಿ ಸಾರ್ವಜನಿಕ ಹೊಣೆಗಾರಿಕೆಯ ಎದುರು ಮೊತ್ತ ಬರೆದಿದೆಯಾ ನೋಡಿ. ಅಲ್ಲಿ ಸೊನ್ನೆಯೋ ಅಡ್ಡಗೆರೆಯೋ ಇದ್ದರೆ ಸೇರಿಲ್ಲ. ಮೊತ್ತಕ್ಕೆ ಎರಡು ಮಿತಿ ಇರುತ್ತವೆ: ಒಂದು ಅಪಘಾತಕ್ಕೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು. ನನ್ನಲ್ಲಿ ಗಾಯಗೊಂಡ ಆ ಚಾಲಕರೊಬ್ಬರ ಲೆಕ್ಕವನ್ನೇ ಹಿಡಿಯಿರಿ. ಊಟದ ಹೊತ್ತಲ್ಲಿ ನಾಲ್ಕೈದು ಜನಕ್ಕೆ ಗಾಯವಾದರೆ 2 ಲಕ್ಷ, 3 ಲಕ್ಷದ ಮಿತಿ ಯಾವ ಮೂಲೆಗೂ ಸಾಲದು. ಪ್ಯಾಕೇಜಿನಲ್ಲಿ ಸಿಗುವ ಮಿತಿ ಸಣ್ಣದಾದರೆ ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿಯನ್ನೇ ಬೇರೆಯಾಗಿ ತಗೊಳ್ಳಿ. ದುಡ್ಡು ಸಾಲದಿದ್ದರೆ ಕಳ್ಳತನದ ವಿಭಾಗ ಬಿಡಿ, ಇದನ್ನು ಬಿಡಬೇಡಿ. ಗ್ರೈಂಡರ್ ಕಳೆದುಹೋದರೆ ಇನ್ನೊಂದು ತರಬಹುದು. ಪರಿಹಾರದ ದಾವೆಗೆ ಮಿತಿ ಅನ್ನುವುದೇ ಇಲ್ಲ.

ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ ಕೊಡುವುದು ನೀವು ಕಾನೂನಿನ ಪ್ರಕಾರ ಹೊಣೆಯಾಗುವ ಹಣವನ್ನು. ನಿಮ್ಮ ಕೆಲಸದವರು ಇದರಲ್ಲಿ ಬರುವುದಿಲ್ಲ. ಅವರಿಗೆ ನೌಕರರ ಪರಿಹಾರ ಪಾಲಿಸಿ ಬೇಕು, ಇಎಸ್‌ಐ ಅನ್ವಯಿಸುವಷ್ಟು ಜನ ಇದ್ದರೆ ಇಎಸ್‌ಐ. ಪೊಲೀಸ್ ಕೇಸಿನ ದಂಡವೂ ಇದರಲ್ಲಿ ಬರುವುದಿಲ್ಲ. ಕಟ್ಟಡಕ್ಕೆ ಹಾನಿಯಾದರೆ ಮಾಲೀಕರ ವಿಮಾ ಕಂಪನಿ ಅವರಿಗೆ ಹಣ ಕೊಟ್ಟು, ಆಮೇಲೆ ನಿಮ್ಮಿಂದ ವಸೂಲಿಗೆ ಬರಬಹುದು. ಬಾಡಿಗೆ ಕಟ್ಟಡದ ಹಾನಿ ಸೇರುತ್ತದೆಯೋ ಇಲ್ಲವೋ ಅಂತ ಬರಹದಲ್ಲೇ ಉತ್ತರ ತಗೊಳ್ಳಿ. ಪ್ರಸ್ತಾವನೆ ಫಾರ್ಮಿನಲ್ಲಿ ವ್ಯವಹಾರದ ಎದುರು 'ಅಂಗಡಿ' ಅಂತ ಬರೆಯಲು ಬಿಡಬೇಡಿ. ಹೋಟೆಲ್, ಅಡುಗೆಮನೆ ಇದೆ, ಗ್ಯಾಸ್ ಬಳಕೆ ಇದೆ, ಹಿಂದೆ ತಗಡಿನ ಶೆಡ್ ಇದೆ ಅಂತ ಇರುವುದನ್ನೆಲ್ಲ ಬರೆಸಿ. ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗಲಿ.

ದೇವರು ಮಾಡಿ ಬೇಡ, ಆದರೂ ಅಪಘಾತ ಆದರೆ ಮೊದಲು ಜನರನ್ನು ಆಸ್ಪತ್ರೆಗೆ ಸೇರಿಸಿ. ಯಾರ ಅನುಮತಿಗೂ ಕಾಯಬೇಡಿ. ಅಗ್ನಿಶಾಮಕ ದಳವನ್ನು ಕರೆಸಿ, ಅವರ ವರದಿ ಆಮೇಲೆ ಬೇಕೇ ಬೇಕು. ಗ್ಯಾಸ್ ಏಜೆನ್ಸಿಗೂ ವಿಮಾ ಕಂಪನಿಗೂ ಅವತ್ತೇ ಬರಹದಲ್ಲಿ ತಿಳಿಸಿ. ಸರ್ವೇಯರ್ ನೋಡುವವರೆಗೆ ಸುಟ್ಟ ಸಾಮಾನು, ಟ್ಯೂಬ್, ರೆಗ್ಯುಲೇಟರ್ ಎಸೆಯಬೇಡಿ. ಗಾಯಗೊಂಡವರ ಮನೆಯವರಿಗೆ ಧೈರ್ಯ ಹೇಳಿ, ಆದರೆ 'ತಪ್ಪು ನನ್ನದೇ, ಪೂರ್ತಿ ಖರ್ಚು ಕೊಡುತ್ತೇನೆ' ಅಂತ ಕಾಗದದಲ್ಲಿ ಬರೆದುಕೊಡಬೇಡಿ. ವಿಮಾ ಕಂಪನಿಯ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಳ್ಳಬಾರದು ಅನ್ನುವುದು ಹೊಣೆಗಾರಿಕೆ ಪಾಲಿಸಿಯ ಷರತ್ತು. ಆ ಒಂದು ಕಾಗದ ಗಾಯಗೊಂಡವರಿಗೆ ಬರಬೇಕಾದ ಹಣಕ್ಕೇ ಅಡ್ಡ ಬರುತ್ತದೆ. ನೋಟಿಸ್ ಬಂದರೆ ನೀವೇ ಉತ್ತರ ಬರೆಯದೆ ಅದರ ಪ್ರತಿಯನ್ನು ತಡಮಾಡದೆ ವಿಮಾ ಕಂಪನಿಗೆ ಕಳಿಸಿ, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.